ಜೂನ್ 1ರ ಹುಟ್ಟುಹಬ್ಬ

ಸಾಂಗ್ಲಿ ಮಾರ್ಕೆಟ್ ಯಾರ್ಡಿನ ಅರಿಷಿಣ ಅಡತಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಜತ್ತದ ಗೆಳೆಯರೊಬ್ಬರು ಜೂನ್ ಮೊದಲ ವಾರದಲ್ಲಿ ಮಿರಜಿನ ನಮ್ಮ ಮನೆಗೆ ಗಾಬರಿಯಿಂದ ಬಂದರು. ಕೈಯಲ್ಲಿ ಎನ್‌ಪಿಎಸ್ ಪಿಂಚಣಿ ಖಾತೆಯ ಸ್ಟೇಟ್‌ಮೆಂಟ್ ಇತ್ತು. "ಕಾಕಾ, ನಾ ಯಾರಿಗೂ ಏನೂ ಹೇಳಿಲ್ಲ. ನನ್ನ ಷೇರಿನ ರೊಕ್ಕದಾಗ 44 ಸಾವಿರ ಮಾರ್ಯಾರ. ಯಾರರೆ ಖಾತಿಗೆ ಕೈ ಹಾಕ್ಯಾರೇನು?"

ಯಾರೂ ಕೈ ಹಾಕಿರಲಿಲ್ಲ. ಅವರಿಗೆ 41 ತುಂಬಿತ್ತು, ಅಷ್ಟೆ.

ಎನ್‌ಪಿಎಸ್‌ನಲ್ಲಿ ಕಟ್ಟಿದ ಹಣ ಮುಖ್ಯವಾಗಿ ಮೂರು ಕಡೆ ಹೋಗುತ್ತದೆ: ಷೇರು, ಕಂಪನಿ ಸಾಲಪತ್ರ, ಸರ್ಕಾರಿ ಸಾಲಪತ್ರ. ಎಲ್ಲಿಗೆ ಎಷ್ಟು ಎಂದು ನಾವೇ ಹೇಳಬಹುದು. ಅದು ಬೇಡವೆಂದರೆ 'ಆಟೊ ಚಾಯ್ಸ್' ಇದೆ. ಅದರಲ್ಲಿ ವಯಸ್ಸೇ ಯಜಮಾನ. ನಮ್ಮ ಗೆಳೆಯರು ಖಾತೆ ತೆರೆಯುವಾಗ ಏನನ್ನೂ ಆರಿಸಿರಲಿಲ್ಲ. ಹಾಗೆ ಬಿಟ್ಟವರಿಗೆ ಸಿಗುವುದು ಎಲ್‌ಸಿ–50 ಎಂಬ ಮಧ್ಯಮ ದಾರಿ. 35ರವರೆಗೆ ಅದರಲ್ಲಿ ನೂರಕ್ಕೆ 50 ಷೇರು, 30 ಕಂಪನಿ ಸಾಲಪತ್ರ, 20 ಸರ್ಕಾರಿ ಸಾಲಪತ್ರ. ಅಲ್ಲಿಂದ ಮುಂದೆ ಪ್ರತಿ ಹುಟ್ಟುಹಬ್ಬಕ್ಕೆ ಷೇರು ಎರಡು, ಕಂಪನಿ ಸಾಲಪತ್ರ ಒಂದು ಇಳಿದು, ಸರ್ಕಾರಿ ಪಾಲು ಮೂರು ಏರುತ್ತದೆ. 55ಕ್ಕೆ 10, 10, 80ಕ್ಕೆ ಬಂದು ನಿಲ್ಲುತ್ತದೆ.

41ಕ್ಕೆ ಈ ಪಾಲು 38, 24, 38. ಅವರ ಖಾತೆಯನ್ನು ಸುಲಭವಾಗಲೆಂದು ದುಂಡಗಿನ ಅಂಕಿಯಲ್ಲಿ ಹೇಳುತ್ತೇನೆ. ಒಟ್ಟು 7 ಲಕ್ಷ ಇತ್ತು. ಷೇರುಪೇಟೆ ಚೆನ್ನಾಗಿದ್ದುದರಿಂದ ಷೇರಿನ ಪಾಲು 3,10,000ಕ್ಕೆ ಬೆಳೆದಿತ್ತು. ಕಂಪನಿ ಸಾಲಪತ್ರ 1,65,000, ಸರ್ಕಾರಿ ಸಾಲಪತ್ರ 2,25,000. ಏಳು ಲಕ್ಷಕ್ಕೆ 38ರಂತೆ ಷೇರು ಇರಬೇಕಾದದ್ದು 2,66,000. ಹೆಚ್ಚಾದ 44,000ವನ್ನು ಮಾರಿ 3,000ವನ್ನು ಕಂಪನಿ ಸಾಲಪತ್ರಕ್ಕೂ 41,000ವನ್ನು ಸರ್ಕಾರಿ ಸಾಲಪತ್ರಕ್ಕೂ ಹಾಕಲಾಗಿದೆ. ಖಾತೆಯಿಂದ ಒಂದು ರೂಪಾಯಿಯೂ ಹೊರಗೆ ಹೋಗಿಲ್ಲ. ಒಳಗೊಳಗೇ ಜಾಗ ಬದಲಾದದ್ದಕ್ಕೆ ತೆರಿಗೆಯೂ ಇಲ್ಲ.

ಇಲ್ಲಿ ಬಹಳ ಮಂದಿ ತಪ್ಪು ತಿಳಿಯುತ್ತಾರೆ. ವಯಸ್ಸಾದಂತೆ ಷೇರು ಮಾರುತ್ತಲೇ ಹೋಗುತ್ತಾರೆ ಅಂದುಕೊಳ್ಳುತ್ತಾರೆ. ಹಾಗಲ್ಲ. ಅದೇ ವರ್ಷ ಪೇಟೆ ಬಿದ್ದು ಷೇರು 1,70,000ಕ್ಕೆ ಇಳಿದಿತ್ತು, ಉಳಿದ ಎರಡು 1,60,000 ಮತ್ತು 2,30,000 ಇದ್ದವು ಎನ್ನೋಣ. ಒಟ್ಟು 5,60,000. ಅದರ 38 ಪಾಲೆಂದರೆ 2,12,800. ಆಗ ಹುಟ್ಟುಹಬ್ಬದ ದಿನ ಸಾಲಪತ್ರ ಮಾರಿ 42,800 ರೂಪಾಯಿಯ ಷೇರು ಕೊಳ್ಳಲಾಗುತ್ತಿತ್ತು. ಎಲ್ಲರೂ ಹೆದರಿ ಮಾರುವ ಹೊತ್ತಿನಲ್ಲಿ ಖಾತೆ ಕೊಳ್ಳುತ್ತದೆ. ಆಟೊ ಚಾಯ್ಸ್‌ನಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸುವ ಗುಣ ಇದೇ. ಆದ್ದರಿಂದ ಪೇಟೆ ಕುಸಿದಾಗ ಆಯ್ಕೆ ಬದಲಿಸಲು ಓಡಬೇಡಿ ಎಂದು ನಾನು ಹೇಳುವುದು. ವರ್ಷಕ್ಕೆ ನಾಲ್ಕು ಸಲ ಬದಲಿಸಲು ಅವಕಾಶವಿದೆ ನಿಜ, ಆದರೆ ಅವಕಾಶವಿದೆ ಎಂದು ಬಳಸಲೇಬೇಕೆಂದಿಲ್ಲ.

"ಅದೆಲ್ಲಾ ಖರೆ ಕಾಕಾ, ಆದ್ರ ನಾ ಹುಟ್ಟಿದ್ದು ದೀಪಾವಳಿ ಹತ್ರ ಅಂತ ಅವ್ವ ಹೇಳ್ತಾಳ" ಅಂದರು. ಹೌದು. ಶಾಲೆಗೆ ಸೇರಿಸುವಾಗ ಮಾಸ್ತರರು ಜೂನ್ 1 ಎಂದು ಬರೆದುಬಿಟ್ಟರು. ನಮ್ಮ ಕಡೆ ಆ ತಲೆಮಾರಿನ ಎಷ್ಟೋ ಜನ ಹುಟ್ಟಿದ್ದು ಜೂನ್ 1ಕ್ಕೇ! ಖಾತೆಗೆ ಅವ್ವನ ನೆನಪು ಗೊತ್ತಿಲ್ಲ, ದಾಖಲೆಯ ತಾರೀಖು ಮಾತ್ರ ಗೊತ್ತು. ಕೆಲವು ತಿಂಗಳ ವ್ಯತ್ಯಾಸದಿಂದ ದೊಡ್ಡ ನಷ್ಟವಿಲ್ಲ. ಆದರೆ ಅರ್ಜಿ ತುಂಬುವಾಗ ಇಸವಿಯೇ ಐದು ವರ್ಷ ಹಿಂದಕ್ಕೆ ಹೋಗಿದ್ದರೆ, 41ರವರ ಖಾತೆ 46ರವರಂತೆ ನಡೆದು ಷೇರು 38ರ ಬದಲು 28 ಆಗುತ್ತದೆ.

ಇನ್ನೊಂದು ಮಾತು. ಸರ್ಕಾರ ಕಟ್ಟಿದ ವ್ಯವಸ್ಥೆ ಎಂದಮಾತ್ರಕ್ಕೆ ಇಷ್ಟೇ ಸಿಗುತ್ತದೆಂಬ ಖಾತ್ರಿಯಿಲ್ಲ. ಬಡ್ಡಿದರ ಏರಿದರೆ ಸರ್ಕಾರಿ ಸಾಲಪತ್ರದ ಬೆಲೆಯೂ ಇಳಿಯುತ್ತದೆ. ವಯಸ್ಸು ನೋಡುವ ಈ ಏರ್ಪಾಟು ನಿಮ್ಮ ಮನೆಯನ್ನು ನೋಡುವುದಿಲ್ಲ. ನಮ್ಮ ಗೆಳೆಯರಿಗೆ ಜತ್ತದಲ್ಲಿರುವುದು ಮಳೆ ನಂಬಿದ ಹೊಲ, ಬೇರೆ ಪಿಂಚಣಿಯಿಲ್ಲ. ಅವರಿಗೆ ಮಧ್ಯಮ ದಾರಿಯೇ ಸರಿ ಎಂದೆ. ಗಂಡನಿಗೋ ಹೆಂಡತಿಗೋ ಖಾತ್ರಿ ಪಿಂಚಣಿ ಇರುವ ಮನೆಯಾದರೆ 41ಕ್ಕೂ ನೂರಕ್ಕೆ 51 ಷೇರು ಉಳಿಸುವ ಎಲ್‌ಸಿ–75ನ್ನು ಯೋಚಿಸಬಹುದು.

ನಿಮ್ಮ ಖಾತೆಯ ಸ್ಟೇಟ್‌ಮೆಂಟ್ ತೆಗೆದು ಎರಡನ್ನು ನೋಡಿ: ಆಯ್ಕೆಯ ಹೆಸರು, ಹುಟ್ಟಿದ ತಾರೀಖು. ತಾರೀಖು ತಪ್ಪಿದ್ದರೆ ದಾಖಲೆ ಕೊಟ್ಟು ಈ ತಿಂಗಳೇ ತಿದ್ದಿಸಿ.