ಷೇರು ಹಣದ ಅರವತ್ತು ದಿನ

ಪ್ರೈವೇಟ್ ಕಂಪನಿಯ ಷೇರು ಬಂಡವಾಳ ಹೆಚ್ಚಿದ್ದರೆ ಅನುಭವಿ ಆಡಿಟರ್ ಮೊದಲು ಕೇಳುವುದು ಬ್ಯಾಂಕ್ ಸ್ಟೇಟ್‌ಮೆಂಟ್. ಅಂದವಾಗಿ ಟೈಪ್ ಮಾಡಿದ ಸಭೆಯ ನಡಾವಳಿಯನ್ನು ಆಮೇಲೆ ನೋಡಿದರಾಯಿತು. ಅದನ್ನು ಹಿಂದಿನ ದಿನಾಂಕ ಹಾಕಿಯೂ ಬರೆಯಬಹುದಲ್ಲ!

ಒಂದು ಕಾಲ್ಪನಿಕ ಉದಾಹರಣೆ. ಪ್ರೈವೇಟ್ ಪ್ಲೇಸ್‌ಮೆಂಟ್‌ನಲ್ಲಿ ಹೂಡಿಕೆದಾರರೊಬ್ಬರ 20 ಲಕ್ಷ ರೂಪಾಯಿ ಏಪ್ರಿಲ್ 5ಕ್ಕೆ ಬಂತು. ಮೇ ತಿಂಗಳಲ್ಲೇ ಅದರಿಂದ ಯಂತ್ರ ಕೊಂಡರು. ನಿರ್ದೇಶಕರ ಮಂಡಳಿ ಷೇರು ಹಂಚಿದ್ದು ಜೂನ್ 10ಕ್ಕೆ. ಇಲ್ಲಿ ಎರಡು ತಪ್ಪುಗಳಿವೆ. 2013ರ ಕಂಪನಿ ಕಾಯ್ದೆಯ 42ನೇ ಕಲಮಿನಂತೆ ಹಣ ಬಂದ 60 ದಿನದೊಳಗೆ, ಅಂದರೆ ಜೂನ್ 4ರೊಳಗೆ, ಹಂಚಿಕೆ ಆಗಬೇಕಿತ್ತು. ಆಗದಿದ್ದರೆ 15 ದಿನದಲ್ಲಿ ಹಣ ವಾಪಸ್ ಕೊಡಬೇಕು; ಅದೂ ತಪ್ಪಿದರೆ ಶೇಕಡ 12 ಬಡ್ಡಿ. ಇನ್ನೊಂದು, ಹಂಚಿಕೆಯ ವಿವರದ ಪಿಎಎಸ್-3 ನಮೂನೆ ಸಲ್ಲಿಸುವವರೆಗೆ ಆ ಹಣ ಪ್ರತ್ಯೇಕ ಖಾತೆಯಲ್ಲೇ ಇರಬೇಕು.

ಆಮೇಲೆ ಷೇರುದಾರರ ವಿಶೇಷ ನಿರ್ಣಯ, ಪಿಎಎಸ್-3ರ ರಸೀದಿ, ಸದಸ್ಯರ ರಿಜಿಸ್ಟರ್ ಮೂರನ್ನೂ ಪಕ್ಕಪಕ್ಕ ಇಟ್ಟು ಹೆಸರು, ಸಂಖ್ಯೆ, ದಿನಾಂಕ ತಾಳೆ ನೋಡುತ್ತಾರೆ. ಡಿವಿಡೆಂಡ್ ಹೋಗುವುದೂ ರಿಜಿಸ್ಟರ್‌ನಲ್ಲಿರುವ ಹೆಸರಿಗೇ. ಹಾಗಾಗಿ ಹಣ ಕೊಟ್ಟವರು ತಮ್ಮ ಹೆಸರು ಅಲ್ಲಿ ಏರಿದೆಯೇ ಎಂದು ಒಮ್ಮೆ ಕೇಳಿ ನೋಡಿ.