ಆಮ್ಲದ ಮಾತ್ರೆಯೂ ಸುಳ್ಳು ನೆಗೆಟಿವ್ ವರದಿಯೂ

ಹೊಟ್ಟೆಹುಣ್ಣಿಗೆ ಮುಖ್ಯ ಕಾರಣವಾದ ಹೆಲಿಕೋಬ್ಯಾಕ್ಟರ್ ಪೈಲೋರಿ, ಯೂರಿಯೇಸ್ ಎಂಬ ಕಿಣ್ವವನ್ನು ಹೇರಳವಾಗಿ ತಯಾರಿಸುತ್ತದೆ. ಉಸಿರಿನ ಪರೀಕ್ಷೆ ಪತ್ತೆಹಚ್ಚುವುದು ಇದರ ಕೆಲಸವನ್ನೇ. ಗುರುತಿನ ಇಂಗಾಲ ಸೇರಿಸಿದ ಯೂರಿಯಾ ಕುಡಿಸುತ್ತಾರೆ. ಬ್ಯಾಕ್ಟೀರಿಯಾ ಇದ್ದರೆ ಯೂರಿಯಾ ಒಡೆದು, ಆ ಇಂಗಾಲ ಸುಮಾರು ಅರ್ಧ ಗಂಟೆಯಲ್ಲಿ ಊದಿದ ಉಸಿರಿನಲ್ಲಿ ಸಿಗುತ್ತದೆ.

ದಿನಾ ಬೆಳಿಗ್ಗೆ ಪ್ಯಾಂಟೊಪ್ರಜೋಲ್ ನುಂಗುವವರೊಬ್ಬರು ಹೀಗೆ ಊದಿದರೆನ್ನಿ. ಆಮ್ಲ ತಗ್ಗಿದಾಗ ಬ್ಯಾಕ್ಟೀರಿಯಾಗಳ ಸಂಖ್ಯೆ ಕುಸಿಯುತ್ತದೆ, ಯೂರಿಯೇಸ್ ಮಂಕಾಗುತ್ತದೆ. ಸೋಂಕು ಒಳಗೇ ಇದ್ದರೂ ವರದಿ ನೆಗೆಟಿವ್ ಬರಬಹುದು. ಮಲಪರೀಕ್ಷೆಯೂ ಹೀಗೇ ಮೋಸಹೋಗುತ್ತದೆ. ಎಂಡೋಸ್ಕೋಪಿಯಲ್ಲಿ ಇನ್ನೊಂದು ತೊಡಕು: ಉಳಿದ ಬ್ಯಾಕ್ಟೀರಿಯಾಗಳು ಜಠರದ ಕೆಳಭಾಗ ಬಿಟ್ಟು ಮೇಲಕ್ಕೆ ಸರಿಯುವುದರಿಂದ ಎರಡೂ ಕಡೆಯಿಂದ ಚೂರು ತೆಗೆಯಬೇಕು. ಮಾತ್ರೆಯ ನಡುವೆಯೂ ಪಾಸಿಟಿವ್ ಬಂದರೆ ಅದನ್ನು ಸಾಮಾನ್ಯವಾಗಿ ನಂಬಬಹುದು.

ವೈದ್ಯರನ್ನು ಕೇಳಿ ಮಾತ್ರೆ ನಿಲ್ಲಿಸಿ, 2 ವಾರದ ನಂತರ ಮತ್ತೆ ಊದುವುದು ಸರಿಯಾದ ದಾರಿ; ಆ್ಯಂಟಿಬಯಾಟಿಕ್ ಅಥವಾ ಬಿಸ್ಮತ್ ತೆಗೆದುಕೊಂಡಿದ್ದರೆ 4 ವಾರ. ನಡುವೆ ಎದೆಯುರಿಗೆ ಸಾದಾ ಆ್ಯಂಟಾಸಿಡ್ ನಡೆಯುತ್ತದೆ.

ರಕ್ತಪರೀಕ್ಷೆಗೆ ಈ ಮಾತ್ರೆಯ ಕಾಟವಿಲ್ಲ. ಆದರೆ ಅದು ನೋಡುವ ಪ್ರತಿಕಾಯಗಳು ಸೋಂಕು ಹೋದ ಮೇಲೂ ತಿಂಗಳುಗಟ್ಟಲೆ ಉಳಿಯುತ್ತವೆ. ಚಿಕಿತ್ಸೆ ಫಲಿಸಿತೇ ಎಂದು ತಿಳಿಯಲು ಅದು ಬಾರದು. ಹುಣ್ಣಿನಿಂದ ರಕ್ತ ಸೋರುತ್ತಿದ್ದು, ಮಾತ್ರೆ ನಿಲ್ಲಿಸುವಂತೆಯೇ ಇಲ್ಲದವರಲ್ಲಿ ಮಾತ್ರ ಅದಕ್ಕೆ ಸ್ವಲ್ಪ ಬೆಲೆ.