ಸಾದಾ ಎಂಜಿನ್ನಿಗೆ ದುಬಾರಿ ಪೆಟ್ರೋಲ್

ಪೆಟ್ರೋಲ್ ಬಂಕಿನಲ್ಲಿ ಕಾಣುವ 91, 95, 100 ಎಂಬ ಆಕ್ಟೇನ್ ಅಂಕಿಗಳಿಗೂ ಪೆಟ್ರೋಲಿನೊಳಗಿನ ಶಕ್ತಿಗೂ ಸಂಬಂಧವಿಲ್ಲ. ಬಿಸಿಗೂ ಒತ್ತಡಕ್ಕೂ ಸಿಕ್ಕ ಪೆಟ್ರೋಲ್, ಸ್ಪಾರ್ಕ್ ಪ್ಲಗ್ಗಿನ ಕಿಡಿ ಹೊತ್ತಿಸಿದ ಜ್ವಾಲೆ ತನ್ನನ್ನು ಮುಟ್ಟುವ ತನಕ ಹೊತ್ತಿಕೊಳ್ಳದೆ ತಡೆದುಕೊಳ್ಳಬಲ್ಲದೇ ಎಂಬುದನ್ನಷ್ಟೇ ಅವು ಹೇಳುತ್ತವೆ. ಈ ಅಳತೆಗೆ ಎರಡು ದ್ರವಗಳು ಆಧಾರ. ಬಹಳ ತಡೆದುಕೊಳ್ಳುವ ಐಸೊ-ಆಕ್ಟೇನಿಗೆ 100, ಬೇಗನೆ ಹೊತ್ತಿಕೊಳ್ಳುವ ಹೆಪ್ಟೇನಿಗೆ ಸೊನ್ನೆ. 91 ಆಕ್ಟೇನ್ ಎಂದರೆ, ಪರೀಕ್ಷೆಯ ಎಂಜಿನ್ನಿನಲ್ಲಿ ಆ ಪೆಟ್ರೋಲ್ 91 ಪಾಲು ಐಸೊ-ಆಕ್ಟೇನ್ ಮತ್ತು 9 ಪಾಲು ಹೆಪ್ಟೇನ್ ಬೆರೆಸಿದ ದ್ರವದಂತೆಯೇ ವರ್ತಿಸಿತು ಎಂದರ್ಥ.

ಇಂಥ ತಾಳಿಕೆ ಯಾಕೆ ಬೇಕೆಂಬುದು ಸಿಲಿಂಡರಿನ ಒಳಗೆ ನಡೆಯುವುದನ್ನು ನೋಡಿದರೆ ತಿಳಿಯುತ್ತದೆ. ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಪಿಸ್ಟನ್ ಮೇಲೇರುತ್ತ ಅದುಮುತ್ತದೆ, ಅದುಮಿದಷ್ಟೂ ಮಿಶ್ರಣ ಕಾಯುತ್ತದೆ. ಪ್ಲಗ್ಗಿನಿಂದ ಕಿಡಿ ಹಾರಿದ ಮೇಲೆ ಜ್ವಾಲೆ ಒಂದು ತುದಿಯಿಂದ ಹರಡುತ್ತ ಹೋಗಬೇಕು. ಹಾಗೆ ಹರಡುವಾಗ ಅದು ಮುಂದಿನ ಮಿಶ್ರಣವನ್ನು ಇನ್ನಷ್ಟು ಒತ್ತಿ ಕಾಯಿಸುತ್ತದೆ. ಪೆಟ್ರೋಲ್ ತಾಳಿಕೊಳ್ಳದಿದ್ದರೆ ಮೂಲೆಯಲ್ಲಿ ಉಳಿದ ಮಿಶ್ರಣ ಜ್ವಾಲೆ ಬರುವ ಮೊದಲೇ ಒಮ್ಮೆಗೇ ಸಿಡಿಯುತ್ತದೆ. ಆಗ ಹೊರಗೆ ಕೇಳಿಸುವ ಕಟಕಟ ಸದ್ದನ್ನೇ ಮೆಕ್ಯಾನಿಕ್‌ಗಳು ನಾಕಿಂಗ್ ಎನ್ನುತ್ತಾರೆ. ಅದು ಜೋರಾಗಿ, ಬಹಳ ಕಾಲ ನಡೆದರೆ ಪಿಸ್ಟನ್ನಿನ ತಲೆ ತೂತಾಗುವುದೂ ಉಂಟು.

ಎಂಜಿನ್ ಮಿಶ್ರಣವನ್ನು ಎಷ್ಟು ಅದುಮುತ್ತದೆ ಎಂಬುದನ್ನು ಕಂಪ್ರೆಷನ್ ರೇಷಿಯೋ ಸೂಚಿಸುತ್ತದೆ. ದಿನಬಳಕೆಯ ಸ್ಕೂಟರ್ ಮತ್ತು ಬೈಕುಗಳಲ್ಲಿ ಅದು ಸಾಮಾನ್ಯವಾಗಿ 10ಕ್ಕೆ 1ರ ಆಸುಪಾಸು. ಇಂಥ ಎಂಜಿನ್ನನ್ನು ರೂಪಿಸುವಾಗಲೇ 91 ಆಕ್ಟೇನಿನಲ್ಲಿ ನಾಕಿಂಗ್ ಬಾರದಂತೆ ನೋಡಿಕೊಂಡಿರುತ್ತಾರೆ. ಬಾರದ ನಾಕಿಂಗನ್ನು 95 ಆಕ್ಟೇನ್ ತಡೆಯುವುದಕ್ಕೇನೂ ಇಲ್ಲ. ಒಂದು ಲೀಟರಿನಲ್ಲಿ ಅಡಗಿರುವ ಶಾಖವೂ ಎರಡರಲ್ಲಿ ಹೆಚ್ಚುಕಡಿಮೆ ಒಂದೇ. ಹಾಗಾಗಿ ಪಿಕಪ್ ಆಗಲಿ ಮೈಲೇಜ್ ಆಗಲಿ ಏರಲು ಕಾರಣವೇ ಇರುವುದಿಲ್ಲ.

ಇದಕ್ಕೊಂದು ತಿದ್ದುಪಡಿ ಅಗತ್ಯ. ಈಗಿನ ಕಾರುಗಳ ಎಂಜಿನ್ನಿಗೆ ನಾಕ್ ಸೆನ್ಸರ್ ಇರುತ್ತದೆ. ನಾಕಿಂಗಿನ ಕಂಪನ ಗೊತ್ತಾದ ಕೂಡಲೇ ಎಂಜಿನ್ನಿನ ಕಂಪ್ಯೂಟರ್ ಕಿಡಿಯನ್ನು ತುಸು ತಡ ಮಾಡುತ್ತದೆ. ಎಂಜಿನ್ ಉಳಿಯುತ್ತದೆ, ಒಂದಿಷ್ಟು ಶಕ್ತಿ ಹೋಗುತ್ತದೆ. ಹೀಗೆ ಹಿಂದೆ ಸರಿಯುವ ಅಭ್ಯಾಸವಿರುವ ಎಂಜಿನ್ನಿಗೆ, ಮುಖ್ಯವಾಗಿ ಟರ್ಬೊ ಕಾರಿಗೆ, ಹೆಚ್ಚಿನ ಆಕ್ಟೇನ್ ಸಿಕ್ಕರೆ ಕಳೆದುಕೊಂಡಿದ್ದು ಮರಳಿ ಬರುತ್ತದೆ. ಎಷ್ಟು ಬರುತ್ತದೆ ಎಂಬುದಕ್ಕೆ ಅಮೆರಿಕದ ವಾಹನ ಮಾಲೀಕರ ಸಂಘ ಎಎಎ ನಡೆಸಿದ ಎರಡು ಪರೀಕ್ಷೆಗಳು ಉತ್ತರ ಕೊಡುತ್ತವೆ. ಸಾದಾ ಪೆಟ್ರೋಲೇ ಸಾಕೆನ್ನುವ ಕಾರುಗಳನ್ನು 2016ರಲ್ಲಿ ಪರೀಕ್ಷಿಸಿದಾಗ ಶಕ್ತಿ, ಮೈಲೇಜ್, ಹೊಗೆ ಯಾವುದರಲ್ಲೂ ಗಮನಿಸುವಂಥ ಲಾಭ ಸಿಗಲಿಲ್ಲ. ಪ್ರೀಮಿಯಂ ಹಾಕಿದರೆ ಒಳ್ಳೆಯದು, ಆದರೆ ಕಡ್ಡಾಯವಲ್ಲ ಎನ್ನುವ ಕಾರುಗಳನ್ನು ಮರುವರ್ಷ ಪರೀಕ್ಷಿಸಿದಾಗ ಸರಾಸರಿ ಮೈಲೇಜ್ ಶೇ 2.7, ಶಕ್ತಿ ಶೇ 1.4 ಹೆಚ್ಚಿತು. ಅಮೆರಿಕದ ಬಂಕುಗಳಲ್ಲಿ 87 ಎಂದು ಬರೆದಿರುವ ಸಾದಾ ಪೆಟ್ರೋಲ್ ಭಾರತದ ಲೆಕ್ಕದಲ್ಲಿ ಸುಮಾರು 91. ಅಳೆಯುವ ಕ್ರಮ ಬೇರೆ, ಅಷ್ಟೇ. ಆದ್ದರಿಂದ ಈ ಫಲಿತಾಂಶ ಇಲ್ಲಿಗೂ ಬಹುಮಟ್ಟಿಗೆ ಹೊಂದುತ್ತದೆ. ಇಲ್ಲಿನ ಬಹುಪಾಲು ಸ್ಕೂಟರುಗಳಿಗೆ ನಾಕ್ ಸೆನ್ಸರೇ ಇಲ್ಲ ಎಂಬುದನ್ನೂ ಸೇರಿಸಬೇಕು. ಉತ್ತಮ ಪೆಟ್ರೋಲ್ ಬಂದಿದೆ ಎಂದು ಅರಿತು ಕಿಡಿಯನ್ನು ಹೊಂದಿಸಿಕೊಳ್ಳುವ ದಾರಿ ಅವಕ್ಕಿಲ್ಲ.

ಲೆಕ್ಕ ಹಾಕಿದರೆ ವಿಷಯ ಇನ್ನೂ ಸ್ಪಷ್ಟ. ಲೀಟರಿಗೆ 45 ಕಿಲೋಮೀಟರ್ ಕೊಡುವ ಸ್ಕೂಟರ್ ತಿಂಗಳಿಗೆ 900 ಕಿಲೋಮೀಟರ್ ಓಡುತ್ತದೆ ಎಂದಿಟ್ಟುಕೊಳ್ಳಬಹುದು. ಬೇಕಾಗುವುದು 20 ಲೀಟರ್. ಸಾದಾ ಪೆಟ್ರೋಲಿಗೆ 103 ರೂಪಾಯಿ, 95 ಆಕ್ಟೇನಿನದಕ್ಕೆ 111 ರೂಪಾಯಿ ಎಂದು ಹಿಡಿದರೆ ತಿಂಗಳ ಖರ್ಚು 2,060ರಿಂದ 2,220ಕ್ಕೆ ಏರುತ್ತದೆ. ಆ 160 ರೂಪಾಯಿ ಮರಳಿ ಬರಬೇಕಾದರೆ ಮೈಲೇಜ್ 45ರಿಂದ 48.5ಕ್ಕೆ, ಅಂದರೆ ಶೇ 8ರಷ್ಟು ಹೆಚ್ಚಬೇಕು. ಪ್ರೀಮಿಯಂ ಒಳ್ಳೆಯದೆಂದು ಕಂಪನಿಯೇ ಹೇಳಿದ ಕಾರುಗಳಲ್ಲೇ ಸಿಕ್ಕಿದ್ದು ಶೇ 2.7 ಮಾತ್ರ. ಲೀಟರಿಗೆ 160 ರೂಪಾಯಿ ಆಸುಪಾಸಿನ 100 ಆಕ್ಟೇನ್ ಪೆಟ್ರೋಲ್ ಹಾಕಿದರಂತೂ ಅದೇ ಸ್ಕೂಟರ್ 70 ಕಿಲೋಮೀಟರ್ ಕೊಡಬೇಕಾಗುತ್ತದೆ!

ಭಾರತದಲ್ಲಿ ಎಥೆನಾಲ್ ಈ ಅಂತರವನ್ನು ಇನ್ನೂ ತಗ್ಗಿಸಿದೆ. ಎಥೆನಾಲಿನ ಆಕ್ಟೇನ್ ಅಂಕಿ 100ಕ್ಕಿಂತ ಹೆಚ್ಚು. ಶೇ 20ರಷ್ಟು ಬೆರೆಸಿದ ಸಾದಾ ಪೆಟ್ರೋಲಿನ ಅಂಕಿ ಸುಮಾರು 95ಕ್ಕೆ ಏರುತ್ತದೆ ಎಂದು ಕೇಂದ್ರ ಪೆಟ್ರೋಲಿಯಂ ಸಚಿವಾಲಯವೇ 2025ರಲ್ಲಿ ಹೇಳಿತು. ಅಂದಮೇಲೆ 95 ಎಂಬ ಹೆಸರಿಗೆ ಹೆಚ್ಚು ಹಣ ಕೊಡುವವರು ಸಾದಾ ಪಂಪಿನಲ್ಲೂ ಸಿಗುವುದನ್ನೇ ಕೊಳ್ಳುತ್ತಿರಬಹುದು. ಎಥೆನಾಲಿನಿಂದ ಮೈಲೇಜ್ ತುಸು ಇಳಿಯುವುದು ನಿಜ, ಯಾಕೆಂದರೆ ಲೀಟರಿಗೆ ಅದರಲ್ಲಿರುವ ಶಾಖ ಪೆಟ್ರೋಲಿನದಕ್ಕಿಂತ ಮೂರನೇ ಒಂದು ಪಾಲಿನಷ್ಟು ಕಡಿಮೆ. ಆದರೆ ಆ ನಷ್ಟವನ್ನು ಆಕ್ಟೇನ್ ತುಂಬಿಕೊಡುವುದಿಲ್ಲ.

ದುಬಾರಿ ಪೆಟ್ರೋಲಿನ ಪರವಾಗಿ ಹೇಳಬಹುದಾದ ಮಾತೆಂದರೆ ಅದಕ್ಕೆ ಬೆರೆಸುವ ಶುಚಿಕಾರಕ. ಇಂಜೆಕ್ಟರ್ ಮತ್ತು ವಾಲ್ವುಗಳ ಮೇಲೆ ಮಸಿ ಕಟ್ಟದಂತೆ ಅದು ನೋಡಿಕೊಳ್ಳುತ್ತದೆ. ಈ ಗುಣಕ್ಕೂ ಆಕ್ಟೇನಿಗೂ ನಂಟಿಲ್ಲ. 91 ಆಕ್ಟೇನಿನ ಪೆಟ್ರೋಲಿಗೂ ಅದನ್ನು ಬೆರೆಸಬಹುದು. ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ ಎಂಜಿನ್ನುಗಳಲ್ಲಿ ಅದು ಇಂಜೆಕ್ಟರನ್ನು ತೊಳೆದೀತು, ಗಾಳಿ ಒಳಬಿಡುವ ವಾಲ್ವನ್ನಲ್ಲ. ಪೆಟ್ರೋಲ್ ಆ ವಾಲ್ವನ್ನು ಮುಟ್ಟುವುದೇ ಇಲ್ಲ.

ಕೈಪಿಡಿ ಹೆಚ್ಚಿನ ಆಕ್ಟೇನ್ ಕೇಳದಿದ್ದರೂ ವಾಹನ ನಾಕಿಂಗ್ ಮಾಡುವ ಸಂದರ್ಭಗಳಿವೆ. ಬಿರುಬೇಸಗೆಯಲ್ಲಿ ತುಂಬಿದ ಕಾರು ಚಾರ್ಮಾಡಿ ಘಾಟಿಯನ್ನು ಎತ್ತರದ ಗೇರಿನಲ್ಲೇ ಹತ್ತುವಾಗ ಕಟಕಟ ಕೇಳಿಸಿದರೆ ಗೇರ್ ಇಳಿಸಿದರೆ ಸಾಕು, ಬಂಕ್ ಬದಲಿಸಬೇಕಿಲ್ಲ. ಸಮತಟ್ಟು ರಸ್ತೆಯಲ್ಲೂ ಸದ್ದು ಬಂದರೆ ಅದು ಬೇರೆ ಕಾಯಿಲೆಯ ಲಕ್ಷಣ. ಹಳೆಯ ಎಂಜಿನ್ನಿನೊಳಗೆ ದಪ್ಪಗೆ ಕಟ್ಟಿದ ಮಸಿ ಸಿಲಿಂಡರಿನ ಜಾಗವನ್ನು ಕಿರಿದಾಗಿಸಿ ಒತ್ತಡ ಹೆಚ್ಚಿಸಿರಬಹುದು, ಪ್ಲಗ್ ಆ ಎಂಜಿನ್ನಿಗೆ ತಕ್ಕದ್ದಲ್ಲದಿರಬಹುದು, ಕೂಲೆಂಟ್ ಕಡಿಮೆಯಾಗಿ ಎಂಜಿನ್ ಕಾಯುತ್ತಿರಬಹುದು. ಒಂದು ಟ್ಯಾಂಕ್ ಹೆಚ್ಚಿನ ಆಕ್ಟೇನ್ ಹಾಕಿದಾಗ ಸದ್ದು ನಿಂತರೆ ನಾಕಿಂಗ್ ಎಂಬುದು ಖಚಿತವಾಗುತ್ತದೆ. ಮೆಕ್ಯಾನಿಕ್ ಬಳಿ ಹೋಗುವ ಮೊದಲು ಈ ಪರೀಕ್ಷೆಗೆ ಆ ಹಣ ಖರ್ಚು ಮಾಡಬಹುದು. ಸದ್ದು ನಿಂತಿತೆಂದು ಅದನ್ನೇ ಹಾಕುತ್ತ ಹೋದರೆ ಮೂಲದ ತೊಂದರೆ ಒಳಗೇ ಬೆಳೆಯುತ್ತದೆ.